ಒಂದೇ ಹಲ್ಲು, ಎರಡು ಸ್ಲೈಡ್

ಪ್ರತಿ ವರ್ಷವೂ ಇದು ತಪ್ಪಿದ್ದಲ್ಲ. ಮೊದಲ ವರ್ಷದ ಬಿಡಿಎಸ್ ಮಕ್ಕಳಿಗೆ ಹಲ್ಲಿನ ಸ್ಲೈಡ್ ಕೊಟ್ಟು ಹತ್ತು ನಿಮಿಷ ಆಗಿರುವುದಿಲ್ಲ, ಯಾರಾದರೊಬ್ಬರು ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ಕೂಗುತ್ತಾರೆ.

“ಸರ್, ನನ್ನ ಸ್ಲೈಡ್ ಹಾಳಾಗಿದೆ. ಇದರಲ್ಲಿ ಎನಾಮಲ್ಲೇ ಇಲ್ಲ.”

“ಹಾಳಾಗಿಲ್ಲಮ್ಮ. ಪಕ್ಕದವನ ಸ್ಲೈಡ್ ಒಮ್ಮೆ ನೋಡು.”

ಪಕ್ಕದವನ ಸ್ಲೈಡಿನಲ್ಲಿ ಎನಾಮಲ್ ಗಾಜಿನಂತೆ ಹೊಳೆಯುತ್ತಿರುತ್ತದೆ. ಆದರೆ ಹಲ್ಲಿನ ನಡುವೆ ಪಲ್ಪ್ ಇರಬೇಕಾದ ಜಾಗದಲ್ಲಿ ಬರೀ ತೂತು. ಒಬ್ಬಳಿಗೆ ಹೊರಗಿನ ಕವಚ ಸಿಕ್ಕಿಲ್ಲ, ಇನ್ನೊಬ್ಬನಿಗೆ ಒಳಗಿನ ತಿರುಳು ಸಿಕ್ಕಿಲ್ಲ. ಎರಡೂ ಒಂದೇ ಬಗೆಯ ಹಲ್ಲುಗಳು, ಎರಡೂ ಸರಿಯಾಗಿಯೇ ಮಾಡಿದ ಸ್ಲೈಡುಗಳು. ಯಾವುದು ಯಾಕೆ ಮಾಯವಾಯಿತು ಎಂದು ವಿಚಾರಿಸುತ್ತ ಹೋದರೆ ಹಲ್ಲಿನ ನಾಲ್ಕು ಅಂಗಾಂಶಗಳ ಗುಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಪುಸ್ತಕದಲ್ಲಿರುವ ಹೋಲಿಕೆಯ ಪಟ್ಟಿಯನ್ನು ಉರುಹೊಡೆಯುವ ಕಷ್ಟವೂ ತಪ್ಪುತ್ತದೆ.

ಕಾಲೇಜಿನ ಹೊರಗಿನ ಓದುಗರಿಗಾಗಿ ಮೊದಲು ಹಲ್ಲಿನ ನಕ್ಷೆ ಹೇಳಿಬಿಡುತ್ತೇನೆ. ಬಾಯಿ ತೆರೆದಾಗ ಕಾಣುವ ಭಾಗದ ಮೇಲೆ ಹೊದ್ದಿರುವುದು ಎನಾಮಲ್. ಅದರ ಕೆಳಗೆ, ಹಲ್ಲಿನ ಮುಕ್ಕಾಲು ಮೈಯೇ ಆಗಿರುವುದು ಡೆಂಟಿನ್. ವಸಡಿನೊಳಗೆ ಅಡಗಿರುವ ಬೇರಿನ ಮೇಲೆ ಎನಾಮಲ್ ಇಲ್ಲ, ಅಲ್ಲಿ ಸಿಮೆಂಟಮ್ ಎಂಬ ತೆಳು ಲೇಪ. ಎಲ್ಲದರ ನಡುವೆ, ಡೆಂಟಿನ್ನಿನ ಗೋಡೆಗಳೊಳಗೆ ಇರುವ ಮೆತ್ತನೆಯ ತಿರುಳೇ ಪಲ್ಪ್. ರಕ್ತನಾಳ, ನರ ಎಲ್ಲ ಇರುವುದು ಅಲ್ಲೇ.

ಈಗ ಸ್ಲೈಡಿನ ಕತೆ. ಹಲ್ಲನ್ನು ತೆಳ್ಳಗೆ ಮಾಡಿ ನೋಡಲು ಎರಡು ದಾರಿಗಳಿವೆ. ಮೊದಲನೆಯದು ಉಜ್ಜುವುದು. ಕ್ಲಿನಿಕ್ಕುಗಳಿಂದ ಬೇಡಿ ತಂದು ಫಾರ್ಮಲಿನ್ ಬಾಟಲಿಯಲ್ಲಿ ಇಟ್ಟುಕೊಂಡ ಕಿತ್ತ ಹಲ್ಲನ್ನು ತಿರುಗುವ ಡಿಸ್ಕಿನಿಂದ ಉದ್ದಕ್ಕೆ ಸೀಳಿ, ಆ ಸೀಳನ್ನು ಸಾಣೆಕಲ್ಲಿನ ಮೇಲೆ ನೀರು ಹಾಕಿಕೊಂಡು ಬೆರಳ ತುದಿಯಿಂದ ಉಜ್ಜಬೇಕು. ಸುಮಾರು ಐವತ್ತು ಮೈಕ್ರಾನಿಗೆ ಬರುವ ತನಕ ಉಜ್ಜಬೇಕು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳ್ಳಗೆ. ಸೀಳಿನ ಕೆಳಗಿಟ್ಟ ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ಹತ್ತಿರ ಬಂದಿದ್ದೀರಿ ಎಂದರ್ಥ. ಇನ್ನೊಂದು ನಾಲ್ಕು ಸುತ್ತು ಉಜ್ಜೋಣ ಎಂಬ ಆಸೆಗೆ ಬಿದ್ದರೆ ಮೊದಲು ಚೂರಾಗಿ ಹಾರುವುದು ಎನಾಮಲ್. ಎರಡು ಗಂಟೆ ಬೆವರು ಸುರಿಸಿ ಉಜ್ಜಿದವರ ಮುಖ ಆಗ ನೋಡಬೇಕು. ಇದಕ್ಕೆ ಗ್ರೌಂಡ್ ಸೆಕ್ಷನ್ ಎನ್ನುತ್ತಾರೆ.

ಉಜ್ಜಿ ಒಣಗಿಸಿದ ಹಲ್ಲಿನಲ್ಲಿ ಖನಿಜವೆಲ್ಲ ಉಳಿಯುತ್ತದೆ, ಜೀವಕೋಶಗಳೆಲ್ಲ ಹೋಗುತ್ತವೆ. ಮುಕ್ಕಾಲು ಪಾಲು ನೀರೇ ಆಗಿರುವ ಪಲ್ಪ್ ಒಣಗಿ ಉದುರಿರುತ್ತದೆ, ಅದಕ್ಕೇ ಆ ತೂತು. ಡೆಂಟಿನ್ನಿನಲ್ಲಿ ಪಲ್ಪಿನ ಕಡೆಯಿಂದ ಹೊರಗೆ ಸಾಗುವ ಸಣ್ಣ ಸಣ್ಣ ಕೊಳವೆಗಳು ಕಪ್ಪು ಗೆರೆಗಳಾಗಿ ಕಾಣುತ್ತವೆ. ಒಳಗಿನ ದ್ರವ ಆರಿ ಗಾಳಿ ತುಂಬಿರುವುದರಿಂದ ಆ ಕಪ್ಪು ಬಣ್ಣ. ಬೇರಿನ ತುದಿಯ ಸಿಮೆಂಟಮ್ಮಿನಲ್ಲಿ ಕಾಲು ಚಾಚಿದ ಜೇಡದಂಥ ಕಪ್ಪು ಚುಕ್ಕೆಗಳಿರುತ್ತವೆ. “ಇವೇ ಕೋಶಗಳು” ಎಂದು ಮಕ್ಕಳು ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಾರೆ, ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತೇನೆ. ಅದು ಕೋಶವಲ್ಲ, ಕೋಶ ವಾಸವಿದ್ದ ಗೂಡು. ಒಡೆಯ ಸತ್ತುಹೋಗಿದ್ದಾನೆ, ಮನೆಯಲ್ಲಿ ಗಾಳಿ ಇದೆ.

ಎರಡನೇ ದಾರಿ ಆಮ್ಲದ್ದು. ಹಲ್ಲನ್ನು ಮೊದಲು ಫಾರ್ಮಲಿನ್ನಿನಲ್ಲಿ ನೆನೆಸಿ ಒಳಗಿನ ಕೋಶಗಳು ಕೊಳೆಯದಂತೆ ಹಿಡಿದಿಡಬೇಕು. ಇಲ್ಲೊಂದು ತೊಡಕಿದೆ. ಹಲ್ಲು ಗಟ್ಟಿ ಡಬ್ಬಿ, ಫಾರ್ಮಲಿನ್ ಪಲ್ಪನ್ನು ಮುಟ್ಟಬೇಕಾದರೆ ಬೇರಿನ ತುದಿಯ ರಂಧ್ರವೊಂದೇ ಹೆಬ್ಬಾಗಿಲು. ಅದರ ಅಗಲ ಮಿಲಿಮೀಟರಿನ ಮೂರು ಅಥವಾ ನಾಲ್ಕು ಹತ್ತಾಂಶ, ಅಷ್ಟೆ. ಆದ್ದರಿಂದ ಬೇರಿನ ತುದಿಯನ್ನು ಸ್ವಲ್ಪ ಕತ್ತರಿಸಿ ದಾರಿ ಮಾಡಿಕೊಡುತ್ತೇವೆ. ಆಮೇಲೆ ಶೇಕಡಾ 5ರ ನೈಟ್ರಿಕ್ ಆಮ್ಲದಲ್ಲಿ ಹಲ್ಲನ್ನು ತೂಗುಬಿಟ್ಟು, ದಿನವೂ ಆಮ್ಲ ಬದಲಿಸುತ್ತ ಹೋಗುವುದು. ಕ್ಯಾಲ್ಸಿಯಂ ಪೂರ್ತಿ ಹೋಯಿತೇ ಎಂದು ತಿಳಿಯಲು ಸೂಜಿ ಚುಚ್ಚಿ ನೋಡುವವರಿದ್ದಾರೆ, ಆದರೆ ಅದು ಸ್ಲೈಡಿನಲ್ಲಿ ಗಾಯದ ಗುರುತು ಬಿಡುತ್ತದೆ. ಅದಕ್ಕಿಂತ ಹಳೆಯ ಆಮ್ಲದಲ್ಲಿ ಸ್ವಲ್ಪ ತೆಗೆದು, ಅಮೋನಿಯಾ ಹಾಕಿ ಹುಳಿ ಮುರಿದು, ಅಮೋನಿಯಂ ಆಕ್ಸಲೇಟ್ ಬೆರೆಸಿ ನೋಡುವುದು ಒಳ್ಳೆಯದು. ದ್ರಾವಣ ಬೆಳ್ಳಗೆ ಕದಡಿದರೆ ಹಲ್ಲಿನಿಂದ ಕ್ಯಾಲ್ಸಿಯಂ ಇನ್ನೂ ಬರುತ್ತಿದೆ ಎಂದು ಲೆಕ್ಕ. ತಿಳಿಯಾಗಿಯೇ ಉಳಿದರೆ ಕೆಲಸ ಮುಗಿದಿದೆ. ಆಗ ಹಲ್ಲನ್ನು ಕೈಗೆತ್ತಿಕೊಂಡರೆ ಅದು ರಬ್ಬರಿನಂತೆ ಬಾಗುತ್ತದೆ. ಮೊದಲ ಸಲ ಬಾಗಿಸಿದವರು ಬೆಚ್ಚಿಬೀಳುತ್ತಾರೆ. ಚೆನ್ನಾಗಿ ನೀರಿನಲ್ಲಿ ತೊಳೆದು, ಮೇಣದಲ್ಲಿ ಹೂತು, ಯಂತ್ರದ ಅಲಗಿನಿಂದ ಐದಾರು ಮೈಕ್ರಾನಿನ ಪದರ ಸೀಳಿ, ಗುಲಾಬಿ ಮತ್ತು ನೇರಳೆ ಬಣ್ಣ ಹಾಕಿದರೆ ಆ ಹುಡುಗಿಯ ಕೈಗೆ ಬಂದ ಸ್ಲೈಡ್ ಸಿದ್ಧ.

ಬಾಗಿದ ಆ ಹಲ್ಲಿನಲ್ಲಿ ಎನಾಮಲ್ ಇರುವುದಿಲ್ಲ. ಅದು ಆಮ್ಲದಲ್ಲಿ ಪೂರ್ತಿ ಕರಗಿಹೋಗಿರುತ್ತದೆ. ಅದೇ ಆಮ್ಲದಲ್ಲಿ ಅಷ್ಟೇ ದಿನ ಮುಳುಗಿದ್ದ ಡೆಂಟಿನ್ ಮಾತ್ರ ಆಕಾರ ಕೆಡದೆ ನಿಂತಿರುತ್ತದೆ. ಯಾಕೆ?

ಕಲ್ಲುಪ್ಪಿನ ಗುಡ್ಡೆಯ ಮೇಲೆ ನೀರು ಸುರಿಯಿರಿ, ಏನೂ ಉಳಿಯುವುದಿಲ್ಲ. ಹುಲ್ಲು ಬೆರೆಸಿ ಕಟ್ಟಿದ ಮಣ್ಣಿನ ಗೋಡೆಯ ಮೇಲೆ ಸುರಿಯಿರಿ, ಮಣ್ಣು ಕೊಚ್ಚಿಹೋದರೂ ಹುಲ್ಲಿನ ಎಳೆಗಳು ಹೆಣೆದುಕೊಂಡು ನಿಂತಿರುತ್ತವೆ. ಎನಾಮಲ್ಲಿನ ತೂಕದಲ್ಲಿ ಶೇಕಡಾ 96ರಷ್ಟು ಖನಿಜ. ಉಳಿದದ್ದು ನೀರು ಮತ್ತು ಚೂರುಪಾರು ಪ್ರೋಟೀನ್. ಖನಿಜ ಹೋದರೆ ಹಿಡಿದು ನಿಲ್ಲಿಸುವುದಕ್ಕೆ ಎಳೆಗಳೇ ಇಲ್ಲ. ಡೆಂಟಿನ್ನಿನಲ್ಲಿ ಖನಿಜ ಸುಮಾರು ಶೇಕಡಾ 70. ಸುಮಾರು 20 ಪಾಲು ಮುಖ್ಯವಾಗಿ ಕೊಲ್ಲಾಜೆನ್ ನಾರು, ಉಳಿದದ್ದು ನೀರು. ಸಿಮೆಂಟಮ್ಮಿನಲ್ಲಿ ಖನಿಜ ಅರ್ಧಕ್ಕೆ ಇಳಿಯುತ್ತದೆ, ಹೆಚ್ಚುಕಮ್ಮಿ ಮೂಳೆಯದೇ ಸ್ವಭಾವ. ಪಲ್ಪಿನಲ್ಲಿ ಖನಿಜ ಇಲ್ಲವೇ ಇಲ್ಲ, ವಯಸ್ಸಾದವರಲ್ಲಿ ಕೆಲವೊಮ್ಮೆ ಸೇರಿಕೊಳ್ಳುವ ಕಲ್ಲುಗಳನ್ನು ಬಿಟ್ಟರೆ. ಹೀಗೆ ಹೊರಗಿನಿಂದ ಒಳಕ್ಕೆ ನೆನಪಿಟ್ಟುಕೊಂಡರೆ ಅಂಕಿಗಳು ಮರೆತರೂ ಕ್ರಮ ಮರೆಯುವುದಿಲ್ಲ.

ದೇಹದಲ್ಲೇ ಅತಿ ಗಟ್ಟಿ ವಸ್ತು ಎನಾಮಲ್ ಎಂದು ಎಲ್ಲರೂ ಹೇಳುತ್ತಾರೆ. ಗಟ್ಟಿ ಹೌದು, ಆದರೆ ಗಾಜಿನ ಗಟ್ಟಿತನ. ಕೆಳಗೆ ಒತ್ತಾಸೆ ಇರುವ ತನಕ ಮಾತ್ರ ಅದರ ಬಲ. ಡೆಂಟಿನ್ ತುಸು ಬಾಗಬಲ್ಲದು, ಅಗಿಯುವಾಗಿನ ಹೊಡೆತವನ್ನು ತಾನು ನುಂಗಿ ಎನಾಮಲ್ಲನ್ನು ಕಾಪಾಡುತ್ತದೆ. ಹುಳುಕು ಎನಾಮಲ್ಲಿನಲ್ಲಿ ಸಣ್ಣ ದಾರಿ ಮಾಡಿಕೊಂಡು ಡೆಂಟಿನ್ ಮುಟ್ಟಿದರೆ ಅಲ್ಲಿ ಅಡ್ಡಡ್ಡ ಹರಡುತ್ತದೆ, ಯಾಕೆಂದರೆ ಅಲ್ಲಿ ಕರಗಿಸುವುದು ಸುಲಭ. ಮೇಲೆ ಚುಕ್ಕೆಯಷ್ಟು ಕಪ್ಪು, ಕೆಳಗೆ ಟೊಳ್ಳು. ಒಂದು ದಿನ ಚಕ್ಕುಲಿ ಕಡಿದಾಗ ದವಡೆ ಹಲ್ಲಿನ ಒಂದು ಗೋಡೆಯೇ ಕಳಚಿ ಕೈಗೆ ಬರುತ್ತದೆ. “ನಿನ್ನೆ ತನಕ ಸರಿಯಾಗಿತ್ತು ಡಾಕ್ಟ್ರೇ” ಎನ್ನುವವರು ಸುಳ್ಳು ಹೇಳುತ್ತಿಲ್ಲ. ಎನಾಮಲ್ ನಿಜವಾಗಿಯೂ ನಿನ್ನೆ ತನಕ ನಿಂತಿತ್ತು, ಬುಡವಿಲ್ಲದೆ.

ಹಾಗೆ ಮುರಿದ ಎನಾಮಲ್ ಬೆಳೆಯುವುದಿಲ್ಲ. ಅದನ್ನು ಕಟ್ಟಿದ ಕೋಶಗಳು ಹಲ್ಲು ಬಾಯಿಗೆ ಬರುವಾಗಲೇ ಕಳೆದುಹೋಗಿರುತ್ತವೆ. ಕಟ್ಟುವಾಗ ಅವು ದಿನಕ್ಕೆ ಸುಮಾರು 4 ಮೈಕ್ರಾನ್ ಮುಂದೆ ಸಾಗುತ್ತವೆ. ಹಿಂದೆ ಬಿಟ್ಟುಹೋಗುವ ಸರಳಿನಂಥ ಎಳೆಗಳಲ್ಲಿ ದಿನಕ್ಕೊಂದು ಅಡ್ಡಗೆರೆ ಮೂಡುತ್ತದೆ. ಎರಡು ಮಿಲಿಮೀಟರ್ ದಪ್ಪದ ಎನಾಮಲ್ ಎಂದರೆ ಸುಮಾರು 500 ದಿನಗಳ ಕೆಲಸ. ಹಾಲುಹಲ್ಲಿನಲ್ಲಿ ಹುಟ್ಟಿದ ದಿನದ ಗೆರೆ ಬೇರೆಯಾಗಿಯೇ ಕಾಣುತ್ತದೆ, ತಾಯಿಯ ಹೊಟ್ಟೆಯಿಂದ ಹೊರಜಗತ್ತಿಗೆ ಬಂದ ಏರುಪೇರು ಅಲ್ಲಿ ಕೆತ್ತಿರುತ್ತದೆ. ಕಟ್ಟುವ ಕಾಲದಲ್ಲಿ ಆದ ತಪ್ಪನ್ನು ಆಮೇಲೆ ತಿದ್ದುವವರಿಲ್ಲ. ಪಾವಗಡ, ಮುಂಡರಗಿಯ ಕಡೆ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಕಂದು ಕಲೆ ಕಾಣುತ್ತೇವಲ್ಲ, ಅದು ಮಗುವಿನ ಎನಾಮಲ್ ದವಡೆಯೊಳಗೆ ರೂಪುಗೊಳ್ಳುತ್ತಿದ್ದಾಗಲೇ ಆದ ಹಾನಿ. ದೊಡ್ಡವರಾದ ಮೇಲೆ ಆ ಊರಿಗೆ ಹೋಗಿ ನೆಲೆಸಿದವರ ಹಲ್ಲಿಗೆ ಆ ಕಲೆ ಬರುವುದಿಲ್ಲ. ಮೇಲ್ಮೈಯಲ್ಲಿ ಆಮ್ಲಕ್ಕೆ ಸ್ವಲ್ಪ ಕರಗಿ ಬೆಳ್ಳಗಾದ ಜಾಗಕ್ಕೆ ಎಂಜಲಿನ ಕ್ಯಾಲ್ಸಿಯಂ ಮತ್ತೆ ಸೇರಿಕೊಳ್ಳಬಹುದು, ಅಷ್ಟು ಮಾತ್ರ ರಿಪೇರಿ ಸಾಧ್ಯ. ಗುಳಿ ಬಿದ್ದ ಮೇಲೆ ಅದೂ ಇಲ್ಲ.

ಡೆಂಟಿನ್ನಿನದು ಬೇರೆ ಬಾಳು. ಆಮ್ಲದ ಸ್ಲೈಡಿನಲ್ಲಿ ಪಲ್ಪಿನ ಅಂಚಿಗೆ ಕಣ್ಣು ಹಾಕಿದರೆ ಉದ್ದುದ್ದ ಕೋಶಗಳು ಸಾಲಾಗಿ ನಿಂತಿರುತ್ತವೆ. ಇವೇ ಓಡಾಂಟೋಬ್ಲಾಸ್ಟುಗಳು, ಡೆಂಟಿನ್ ಕಟ್ಟುವ ಮೇಸ್ತ್ರಿಗಳು. ಎನಾಮಲ್ಲಿನ ಮೇಸ್ತ್ರಿಗಳು ಹೊರಗಡೆ ನಿಂತು ಕಟ್ಟಿ ಊರು ಬಿಟ್ಟರು. ಇವರು ಒಳಗೆ ನಿಂತು ಕಟ್ಟುತ್ತ ಹಿಂದೆ ಸರಿಯುತ್ತಾರೆ, ಸರಿಯುವಾಗ ತಮ್ಮ ಬಾಲವನ್ನು ಗೋಡೆಯೊಳಗೇ ಬಿಡುತ್ತಾರೆ. ಆ ಬಾಲದ ಸುತ್ತ ಉಳಿದ ಜಾಗವೇ ಕೊಳವೆ. ಕೋಶಗಳು ಹಿಂದೆ ಸರಿದಂತೆ ಜಾಗ ಕಿರಿದಾಗುವುದರಿಂದ ಪಲ್ಪಿನ ಹತ್ತಿರ ಕೊಳವೆಗಳು ಒತ್ತೊತ್ತಾಗಿವೆ. ಒಂದು ಚದರ ಮಿಲಿಮೀಟರಿನಲ್ಲಿ ಸುಮಾರು 50 ಸಾವಿರ, ಅವು ಅಗಲವಾಗಿಯೂ ಇವೆ. ಎನಾಮಲ್ಲಿನ ಕಡೆಗೆ ಹೋದಂತೆ 20 ಸಾವಿರದ ಒಳಗೆ, ಕಿರಿದಾಗಿಯೂ ಇವೆ. ಅದಕ್ಕೇ ಮೇಲಿನ ಹುಳುಕಿಗಿಂತ ಆಳದ ಹುಳುಕು ಬೇಗ ಪಲ್ಪನ್ನು ಕಾಡುತ್ತದೆ.

ಕೋಶ ಪಲ್ಪಿನಲ್ಲಿ, ಅದರ ಬಾಲ ಡೆಂಟಿನ್ನಿನಲ್ಲಿ. ಹೀಗಿರುವಾಗ ಎರಡನ್ನೂ ಬೇರೆ ಬೇರೆ ಅಧ್ಯಾಯ ಮಾಡಿ ಓದುವುದು ನನಗಂತೂ ಸರಿಬರದು. ಒಂದೇ ಅಂಗಾಂಶದ ಗಟ್ಟಿ ಭಾಗ, ಮೆತ್ತನೆ ಭಾಗ ಎಂದುಕೊಳ್ಳಿ. ಪಲ್ಪ್ ಡೆಂಟಿನ್ನನ್ನು ಕಟ್ಟುತ್ತದೆ, ಪೋಷಿಸುತ್ತದೆ, ಅದಕ್ಕೆ ನೋವಿನ ಅರಿವು ಕೊಡುತ್ತದೆ, ಪೆಟ್ಟು ಬಿದ್ದಾಗ ಒಳಗಿನಿಂದ ಹೊಸ ಡೆಂಟಿನ್ ಹಚ್ಚಿ ರಕ್ಷಿಸಿಕೊಳ್ಳುತ್ತದೆ. ಇಷ್ಟೆಲ್ಲ ಮಾಡುವ ಪಲ್ಪಿನ ಗಾತ್ರ ಒಂದು ಹಲ್ಲಿಗೆ ಸರಾಸರಿ 0.02 ಮಿಲಿಲೀಟರ್. ಒಂದು ಹನಿ ನೀರಿನ ಅರ್ಧವೂ ಅಲ್ಲ. ಅದರ ದುರದೃಷ್ಟ ಎಂದರೆ ಗಟ್ಟಿ ಗೋಡೆಗಳ ನಡುವಿನ ವಾಸ. ಬೆರಳಿಗೆ ಪೆಟ್ಟಾದರೆ ಬಾತುಕೊಳ್ಳುತ್ತದೆ. ಪಲ್ಪಿಗೆ ಬಾತುಕೊಳ್ಳಲು ಜಾಗವಿಲ್ಲ, ಒತ್ತಡ ಒಳಗೇ ಏರುತ್ತದೆ, ರಾತ್ರಿಯೆಲ್ಲ ಹಲ್ಲು ಮಿಡಿಯುತ್ತದೆ.

ಇನ್ನು ಸಿಮೆಂಟಮ್. ವಿದ್ಯಾರ್ಥಿಗಳು ಇದನ್ನು ಮಲತಾಯಿ ಮಗುವಿನಂತೆ ನೋಡುತ್ತಾರೆ, ಪರೀಕ್ಷೆಯ ಹಿಂದಿನ ರಾತ್ರಿಗೆ ಬಿಟ್ಟಿರುತ್ತಾರೆ. ಹಲ್ಲಿನ ಕುತ್ತಿಗೆಯ ಬಳಿ ಇದರ ದಪ್ಪ 20ರಿಂದ 50 ಮೈಕ್ರಾನ್, ಕೋಶಗಳೂ ಇಲ್ಲ. ಬೇರಿನ ತುದಿಗೆ ಬಂದಂತೆ ದಪ್ಪವಾಗಿ 150, 200 ಮೈಕ್ರಾನ್ ಮುಟ್ಟುತ್ತದೆ, ಜೇಡದ ಗೂಡುಗಳು ಇರುವುದು ಅಲ್ಲೇ. ಹಲ್ಲನ್ನು ದವಡೆಯ ಮೂಳೆಗೆ ಕಟ್ಟಿರುವ ನಾರುಗಳ ಒಂದು ತುದಿ ಮೂಳೆಯಲ್ಲಿ ಹೂತಿದ್ದರೆ ಇನ್ನೊಂದು ತುದಿ ಈ ಸಿಮೆಂಟಮ್ಮಿನಲ್ಲಿ ಹೂತಿರುತ್ತದೆ. ಗೂಟವೇ ಇಲ್ಲದಿದ್ದರೆ ಹಗ್ಗ ಎಲ್ಲಿ ಕಟ್ಟುವುದು? ಇದರಲ್ಲಿ ರಕ್ತನಾಳ ಇಲ್ಲ. ತುದಿಯ ಕೋಶಗಳು ಊಟಕ್ಕಾಗಿ ಕೈಚಾಚುವುದು ಹೊರಗಿನ ಆ ನಾರುಗಳ ಕಡೆಗೆ, ಜೇಡದ ಕಾಲುಗಳು ಹೆಚ್ಚಾಗಿ ಒಂದೇ ಕಡೆ ತಿರುಗಿರುವುದನ್ನು ಗಮನಿಸಿ. ಡೆಂಟಿನ್ನಿಗೆ ಒಳಗಿನಿಂದ ಊಟ, ಸಿಮೆಂಟಮ್ಮಿಗೆ ಹೊರಗಿನಿಂದ. ರೂಟ್ ಕೆನಾಲ್ ಮಾಡಿಸಿ ಪಲ್ಪನ್ನು ಪೂರ್ತಿ ತೆಗೆದ ಹಲ್ಲು ವರ್ಷಗಟ್ಟಲೆ ದವಡೆಯಲ್ಲಿ ಭದ್ರವಾಗಿ ನಿಲ್ಲುವುದು ಇದರಿಂದಲೇ. ಒಳಮನೆ ಖಾಲಿಯಾದರೂ ಹೊರಗಿನ ಗೂಟಕ್ಕೆ ಅದರ ಪಾಲಿನ ರಕ್ತ ತಪ್ಪಿಲ್ಲ.

ಸಿಮೆಂಟಮ್ ಮೂಳೆಯಷ್ಟು ಸುಲಭವಾಗಿ ಕರಗುವುದೂ ಇಲ್ಲ. ಉಬ್ಬು ಹಲ್ಲಿಗೆ ಕ್ಲಿಪ್ ಹಾಕಿ ಒತ್ತಿದಾಗ ಮೂಳೆ ಕರಗಿ ದಾರಿ ಬಿಡುತ್ತದೆ, ಬೇರು ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ.

ಈ ನಾಲ್ಕೂ ಒಟ್ಟಿಗೆ ಕಾಣುವ ಒಂದು ಬಾಯಿಯನ್ನು ತೋರಿಸುತ್ತೇನೆ. ಐವತ್ತು ದಾಟಿದ ಅಂಗಡಿಯವರೊಬ್ಬರು ಹೊರರೋಗಿ ವಿಭಾಗಕ್ಕೆ ಬಂದಿದ್ದರು. ದಿನಕ್ಕೆರಡು ಸಲ ಗಟ್ಟಿ ಬ್ರಷ್ಷಿನಲ್ಲಿ ಗರಗಸ ಎಳೆದಂತೆ ಉಜ್ಜುವ ಶಿಸ್ತಿನ ಮನುಷ್ಯ. ಮೇಲಿನ ಎಡಗಡೆ, ಕೋರೆಹಲ್ಲಿನ ಹಿಂದಿನ ಎರಡು ಹಲ್ಲುಗಳ ಕುತ್ತಿಗೆಯಲ್ಲಿ ಕೊಡಲಿಯಿಂದ ಕಡಿದಂಥ ಕಚ್ಚುಗಳು. ಮೊದಲನೆಯದರಲ್ಲಿ ಕಚ್ಚು ಆಳ, ಸುಮಾರು ಎರಡು ಮಿಲಿಮೀಟರ್. ಎರಡನೆಯದರಲ್ಲಿ ವಸಡು ಇತ್ತೀಚೆಗೆ ಸರಿದು ಉಗುರಿನಲ್ಲಿ ಗೀರಿದಷ್ಟೇ ಗುರುತು.

“ತಣ್ಣೀರು ಕುಡಿದ್ರೆ ಜುಮ್ ಅಂತದೆ ಸಾರ್, ಜೀವ ಹೋದಂಗಾಗ್ತದೆ” ಎಂದರು. ಯಾವ ಹಲ್ಲು ಎಂದರೆ ಆಳದ ಕಚ್ಚನ್ನೇ ತೋರಿಸಿದರು. ನೋಡಿದರೆ ಯಾರೂ ಅದನ್ನೇ ದೂರುವುದು. ನಾನು ಒಂದೊಂದೇ ಹಲ್ಲಿನ ಮೇಲೆ ಗಾಳಿ ಊದಿದೆ. ಆಳದ ಕಚ್ಚಿನ ಮೇಲೆ ಊದಿದಾಗ ಸುಮ್ಮನಿದ್ದರು. ಪಕ್ಕದ ಬರೀ ಗೀರಿದ ಹಲ್ಲಿನ ಮೇಲೆ ಊದಿದ್ದೇ ತಡ, ಕುರ್ಚಿಯಿಂದ ಎದ್ದು ಕೂತರು.

ಪಕ್ಕದ ಹಲ್ಲಿನಲ್ಲಿ ಆದದ್ದು ಇಷ್ಟು. ವಸಡು ಸರಿದಾಗ ಬೇರಿನ ಮೇಲ್ಭಾಗ ಬಯಲಿಗೆ ಬಂತು. ಅಲ್ಲಿದ್ದ ಸಿಮೆಂಟಮ್ ಒಂದು ಹಾಳೆ ಕಾಗದದಷ್ಟೂ ದಪ್ಪವಿಲ್ಲ, ಬ್ರಷ್ಷಿನ ಉಜ್ಜಿಗೆ ತಿಂಗಳುಗಳಲ್ಲಿ ಹಾರಿಹೋಯಿತು. ಕೆಲವರಲ್ಲಿ ಅಷ್ಟೂ ಬೇಕಿಲ್ಲ. ಸುಮಾರು ಹತ್ತರಲ್ಲಿ ಒಂದು ಪಾಲು ಎನಾಮಲ್ ಮತ್ತು ಸಿಮೆಂಟಮ್ ಒಂದನ್ನೊಂದು ಮುಟ್ಟದೆ ನಡುವೆ ಡೆಂಟಿನ್ನಿನ ಸಂದು ಹುಟ್ಟಿನಿಂದಲೇ ಇರುತ್ತದೆ, ವಸಡು ಮುಚ್ಚಿಕೊಂಡಿರುತ್ತದೆ. ಈಗ ಸಾವಿರಾರು ಕೊಳವೆಗಳ ಬಾಯಿ ತೆರೆಯಿತು. ತಣ್ಣೀರು ಅಥವಾ ಗಾಳಿ ತಾಕಿದಾಗ ಕೊಳವೆಯೊಳಗಿನ ದ್ರವ ಸರ್ರನೆ ಹೊರಕ್ಕೆ ಎಳೆಯುತ್ತದೆ, ಇನ್ನೊಂದು ತುದಿಯಲ್ಲಿರುವ ನರ ಆ ಎಳೆತವನ್ನು ನೋವೆಂದು ಹೇಳುತ್ತದೆ. ನರ ಕೊಳವೆಯ ಹೊರಬಾಯಿಯ ತನಕ ಬಂದಿಲ್ಲ, ಸುದ್ದಿ ಒಯ್ಯುವುದು ದ್ರವ. 1960ರ ದಶಕದಲ್ಲಿ ಸ್ವೀಡನ್ನಿನ ಮಾರ್ಟಿನ್ ಬ್ರೆನ್‌ಸ್ಟ್ರೋಮ್ ಪ್ರಯೋಗಗಳಿಂದ ಬಲಗೊಳಿಸಿದ ವಿವರಣೆ ಇದು.

ಆಳದ ಕಚ್ಚು ಸುಮ್ಮನಿದ್ದದ್ದು ಅದು ನಿಧಾನವಾಗಿ, ಬಹುಶಃ ಇಪ್ಪತ್ತು ವರ್ಷ ಸವೆದದ್ದರಿಂದ. ಅಷ್ಟು ಸಮಯ ಸಿಕ್ಕಿದ ಪಲ್ಪ್ ಎರಡು ಕೆಲಸ ಮಾಡಿತ್ತು. ಕೊಳವೆಗಳೊಳಗೆ ಖನಿಜ ತುಂಬಿ ಬಾಯಿ ಮುಚ್ಚಿಕೊಂಡವು. ಕಚ್ಚಿನ ತಳ ಕಂದುಬಣ್ಣಕ್ಕೆ ತಿರುಗಿ ನುಣ್ಣಗೆ ಹೊಳೆಯುತ್ತಿದ್ದುದೇ ಅದರ ಗುರುತು. ಒಳಗಡೆ, ಸರಿಯಾಗಿ ಕಚ್ಚಿನ ಎದುರಿಗೆ, ಹೊಸ ಡೆಂಟಿನ್ ಹಚ್ಚಿಕೊಂಡು ತಾನು ಹಿಂದೆ ಸರಿದಿತ್ತು. ಎರಡು ಮಿಲಿಮೀಟರ್ ಹೊರಗೆ ಕಳೆದುಕೊಂಡ ಹಲ್ಲು ಮೌನವಾಗಿತ್ತು, ಐವತ್ತು ಮೈಕ್ರಾನ್ ಕಳೆದುಕೊಂಡ ಹಲ್ಲು ಕಿರುಚುತ್ತಿತ್ತು.

ಅವರು ತಪ್ಪು ಹಲ್ಲು ತೋರಿಸಿದ್ದಕ್ಕೂ ಕಾರಣವಿದೆ. ಪಲ್ಪಿಗೆ ನೋವು ಗೊತ್ತು, ಆದರೆ ನೋವು ಎಲ್ಲಿದೆ ಎಂದು ಹೇಳಲು ಬರುವುದಿಲ್ಲ. ಜಾಗ ಹೇಳುವ ನರಗಳಿರುವುದು ಬೇರಿನ ಹೊರಗಿನ ನಾರುಗಳಲ್ಲಿ. ಸೋಂಕು ಬೇರಿನ ತುದಿ ದಾಟಿ ಅಲ್ಲಿಗೆ ತಲುಪಿದ ಮೇಲೆ ರೋಗಿ ಬೆರಳಿಟ್ಟು “ಇದೇ ಹಲ್ಲು” ಎಂದು ಖಚಿತವಾಗಿ ಹೇಳುತ್ತಾನೆ. ಅಲ್ಲಿಯ ತನಕ ವೈದ್ಯರೇ ಹುಡುಕಬೇಕು. ತಣ್ಣಗಿನದು ತಾಕಿದಾಗ ಚುರುಕ್ಕೆಂದು, ತೆಗೆದೊಡನೆ ನಿಲ್ಲುವ ನೋವಾದರೆ ಪಲ್ಪ್ ಇನ್ನೂ ಆರೋಗ್ಯವಾಗಿದೆ ಅಥವಾ ಸುಧಾರಿಸಬಲ್ಲದು. ಬಿಸಿಗೆ ಎದ್ದು, ನಿಮಿಷಗಟ್ಟಲೆ ಉಳಿದು, ನಿದ್ದೆಯಿಂದ ಎಬ್ಬಿಸುವ ನೋವಾದರೆ ಅದನ್ನು ಉಳಿಸಿಕೊಳ್ಳುವ ಆಸೆ ಕಡಿಮೆ.

ಅವರಿಗೆ ಮೆತ್ತನೆಯ ಬ್ರಷ್ ಹಿಡಿಸಿ, ಗೀರಿದ ಹಲ್ಲಿಗೆ ಕೊಳವೆ ಮುಚ್ಚುವ ಫ್ಲೋರೈಡ್ ವಾರ್ನಿಷ್ ಹಚ್ಚಿ ಕಳಿಸಿದೆವು. ಆಳದ ಕಚ್ಚಿಗೆ ನೋವಿಲ್ಲದಿದ್ದರೂ ಫಿಲ್ಲಿಂಗ್ ಬೇಕಾಯಿತು, ಅಲ್ಲಿ ಹಲ್ಲು ಮುರಿಯುವ ಭಯವಿತ್ತು.

ಮೊದಲ ವರ್ಷದವರಿಗೆ ಒಂದು ಮಾತು. ಕ್ಲಿನಿಕ್ಕಿನಿಂದ ಹಲ್ಲು ತರುವಾಗ ಎಲ್ಲರೂ ಬೆಳ್ಳಗಿನ, ಚೆಂದದ ಹಲ್ಲನ್ನೇ ಆರಿಸಿ, ಕುತ್ತಿಗೆ ಸವೆದದ್ದನ್ನು ಬಾಟಲಿಯ ತಳಕ್ಕೆ ಬಿಡುತ್ತೀರಿ. ಈ ಸಲ ಅದನ್ನೇ ಎತ್ತಿಕೊಂಡು ಉಜ್ಜಿ. ಕಚ್ಚಿನಿಂದ ಪಲ್ಪಿನ ಕಡೆಗೆ ಬೆಳಕು ಹಾಯುವ ಪಾರದರ್ಶಕ ಪಟ್ಟಿಯೊಂದು ಕಂಡರೆ ಅದು ಖನಿಜ ತುಂಬಿ ಮುಚ್ಚಿದ ಕೊಳವೆಗಳ ಸಾಲು. ಕಡುಕಪ್ಪು ಪಟ್ಟಿ ಕಂಡರೆ ಬಾಲ ಸತ್ತು ಗಾಳಿ ತುಂಬಿದ ಕೊಳವೆಗಳು. ಅದರ ಒಳತುದಿಯಲ್ಲಿ ಕೊಳವೆಗಳು ವಿರಳವಾಗಿ ಅಡ್ಡಾದಿಡ್ಡಿ ಓಡುವ ತುಂಡೊಂದು ಸಿಕ್ಕರೆ, ಅದು ಪಲ್ಪ್ ಕೊನೆಗೆ ಕಟ್ಟಿದ ಗೋಡೆ. ಉಜ್ಜುವಾಗ ಗ್ಲೌಸ್ ಹಾಕಿಕೊಳ್ಳಿ, ನೀರು ಹಾಕುತ್ತಿರಿ, ಅಕ್ಷರ ಕಂಡ ಮೇಲೆ ಕೈ ನಿಲ್ಲಿಸಿ.